ನಲವತ್ತು ಹೋದರೆ ನಲವತ್ತು ಕೂಡಿಸಿದರೆ ಸಾಲದು



ಕೆಲವು ವಾರಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿದನು. ಅವನೀಗ ಹೊಸಪೇಟೆಯಲ್ಲಿ ಒಂದು ಖಾನಾವಳಿ ನಡೆಸುತ್ತಾನೆ. ಅವನ ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಳೆ. ಕುಶಲ ವಿಚಾರಿಸಿದ ಮೇಲೆ ಅವನು ವಿಷಯಕ್ಕೆ ಬಂದನು. "ಸರ, ಮಗಳ ಪರೀಕ್ಷಾದಾಗ ಒಂದು ಲೆಕ್ಕಕ್ಕ ಸೊನ್ನೆ ಹಾಕ್ಯಾರ. ಅಕಿ ತನ್ನದೇ ಸರಿ ಅಂತಾಳ. ನನ್ನ ಲೆಕ್ಕಾನೂ ಅಕಿದಕ್ಕ ತಾಳಿ ಆಗವಲ್ದು. ನೀವೇ ಹೇಳ್ರಿ," ಎಂದನು.

ಲೆಕ್ಕ ಹೀಗಿತ್ತು. 6 ಜನರಿಗೆ ಬಾಳೆಕಾಯಿ ಪಲ್ಯ ಮಾಡಲು ಸಿಪ್ಪೆ ತೆಗೆದ ಬಾಳೆಕಾಯಿ 720 ಗ್ರಾಂ ಬೇಕು. ಸಿಪ್ಪೆ ಮತ್ತು ತೊಟ್ಟು ತೆಗೆಯುವಾಗ ಆಗುವ ನಷ್ಟ ಶೇಕಡ 40. ಹಾಗಾದರೆ 90 ಜನರಿಗೆ ಎಷ್ಟು ಬಾಳೆಕಾಯಿ ಕೊಳ್ಳಬೇಕು? ಹುಡುಗಿ 18 ಕಿಲೋ ಎಂದು ಬರೆದಿದ್ದಳು. ಉತ್ತರಪಟ್ಟಿಯಲ್ಲಿ ಇದ್ದದ್ದು 15.12 ಕಿಲೋ. ಅಪ್ಪನಿಗೆ ಬಂದದ್ದೂ 15.12.

ನಾನು ಪೆನ್ಸಿಲನ್ನು ಕೈಗೆತ್ತಿಕೊಳ್ಳಲಿಲ್ಲ. 90 ಅಂದರೆ 6ರ 15 ಪಟ್ಟು; 720 ಗ್ರಾಮಿನ 15 ಪಟ್ಟು 10.8 ಕಿಲೋ, ಅದಕ್ಕೆ ಶೇಕಡ 40ರಂತೆ 4.32 ಕಿಲೋ ಕೂಡಿಸಿದರೆ 15.12. "ಉತ್ತರಪಟ್ಟಿ ಸರಿಯಾಗಿದೆಯಪ್ಪಾ," ಎಂದುಬಿಟ್ಟೆನು. ಅವನು ನಕ್ಕು, "ನಾನೂ ಹಂಗೇ ಮಾಡಿದ್ದೆ ಸರ. ಶೇಕಡಾ ಹೋಗಿದ್ರ ಶೇಕಡಾ ಕೂಡಿಸು ಅಂತ ನೀವೇ ಕಲಿಸಿದ್ರಿ," ಎಂದನು.

ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಪಾಠ ಮಾಡಿದ ನನಗೆ ಅಂದು ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತಾಗ ಆ ಮಾತು ಚುಚ್ಚಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಲೆಕ್ಕವನ್ನು ಹಿಂದಿನಿಂದ ಮಾಡಿ ನೋಡಿದೆನು. 15.12 ಕಿಲೋ ಬಾಳೆಕಾಯಿ ತಂದೆವೆನ್ನೋಣ. ಅದರಲ್ಲಿ ಶೇಕಡ 40 ಸಿಪ್ಪೆಯಾಗಿ ಹೋಗುತ್ತದೆ. ಉಳಿಯುವುದು ಶೇಕಡ 60, ಅಂದರೆ 9.072 ಕಿಲೋ. ಬೇಕಾಗಿದ್ದದ್ದು 10.8 ಕಿಲೋ. 1.728 ಕಿಲೋ ಕಡಿಮೆ ಬಿತ್ತು. ಒಬ್ಬೊಬ್ಬರಿಗೆ 120 ಗ್ರಾಮಿನಂತೆ ಬಡಿಸುತ್ತ ಹೋದರೆ 75 ಎಲೆ ಮುಗಿದು 76ನೆಯದರ ಅರ್ಧದಷ್ಟಕ್ಕೆ ಪಾತ್ರೆ ಬರಿದಾಗುತ್ತದೆ. ಕೊನೆಯ 14 ಜನರ ಎಲೆಯ ಮೇಲೆ ಪಲ್ಯವೇ ಇರುವುದಿಲ್ಲ. ಹುಡುಗಿಯ 18 ಕಿಲೋ ತೆಗೆದುಕೊಂಡರೆ ಅದರ ಶೇಕಡ 60 ಸರಿಯಾಗಿ 10.8. ತಪ್ಪು ಹುಡುಗಿಯದಲ್ಲ, ಉತ್ತರಪಟ್ಟಿ ಬರೆದವರದು, ಅವಳ ಅಪ್ಪನದು ಮತ್ತು ನನ್ನದು.

ತಪ್ಪು ಎಲ್ಲಿದೆ ಎಂಬುದನ್ನು ಸಾವಕಾಶವಾಗಿ ಹೇಳುತ್ತೇನೆ. ಅಡುಗೆಯ ಲೆಕ್ಕದಲ್ಲಿ ಎರಡು ತೂಕಗಳಿವೆ. ಒಂದು ಕೊಂಡ ತೂಕ, ಅಂದರೆ ಸಂತೆಯ ತಕ್ಕಡಿಯಲ್ಲಿ ಬಂದದ್ದು. ಇನ್ನೊಂದು ಅಡುಗೆಗೆ ಸಿಕ್ಕ ತೂಕ, ಅಂದರೆ ಸಿಪ್ಪೆ, ತೊಟ್ಟು, ನಾರು, ಬೀಜಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದು. ಕೊಂಡ ತೂಕವನ್ನು ನೂರು ಎಂದಿಟ್ಟುಕೊಂಡಾಗ ಅಡುಗೆಗೆ ಸಿಕ್ಕದ್ದು ಎಷ್ಟೋ ಅದೇ ಇಳುವರಿಯ ಶೇಕಡಾವಾರು. ಉಳಿದದ್ದು ಸಿಪ್ಪೆಯ ನಷ್ಟ. ಈ ಎರಡೂ ಶೇಕಡಾವಾರುಗಳ ಬುಡ ಕೊಂಡ ತೂಕವೇ. "ನಷ್ಟ ಶೇಕಡ 40" ಎಂದರೆ ಕೊಂಡದ್ದರಲ್ಲಿ 40 ಭಾಗ ಹೋಯಿತು ಎಂದರ್ಥವೇ ಹೊರತು, ಉಳಿದದ್ದರ 40 ಭಾಗ ಹೋಯಿತು ಎಂದಲ್ಲ.

ನಾವು 10.8 ಕಿಲೋಗೆ ಶೇಕಡ 40 ಕೂಡಿಸಿದಾಗ ಬುಡವನ್ನೇ ಬದಲಿಸಿಬಿಟ್ಟೆವು. ಉಳಿದ ತೂಕವನ್ನು ನೂರೆಂದು ಭಾವಿಸಿದೆವು. ಸರಿಯಾದ ದಾರಿ ಹೀಗಿದೆ: ಕೊಳ್ಳಬೇಕಾದ ತೂಕದ 0.60 ಭಾಗವು 10.8 ಕಿಲೋ ಆಗಬೇಕು, ಆದ್ದರಿಂದ 10.8ನ್ನು 0.60ರಿಂದ ಭಾಗಿಸಬೇಕು, ಬರುವುದು 18. ಕೂಡಿಸುವುದಲ್ಲ, ಭಾಗಿಸುವುದು. ಇಡೀ ಲೆಕ್ಕದ ಪ್ರಾಣ ಇಷ್ಟರಲ್ಲೇ ಇದೆ.

ಇನ್ನು ನನ್ನ ನಾಚಿಕೆಯ ಸಂಗತಿ. ಪ್ರತಿ ವರ್ಷವೂ ಎಂಟನೆಯ ತರಗತಿಯಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆನು, ನಿಮಗೆ ನೆನಪಿರಬಹುದು. ನೂರು ರೂಪಾಯಿಯ ಸೀರೆಯ ಬೆಲೆಯನ್ನು ಶೇಕಡ 10 ಇಳಿಸಿ, ಮತ್ತೆ ಶೇಕಡ 10 ಏರಿಸಿದರೆ ಬೆಲೆ ಎಷ್ಟು? ಇಡೀ ತರಗತಿ "ನೂರು" ಎಂದು ಕೂಗುತ್ತಿತ್ತು. ನಾನು ಗೆದ್ದವನಂತೆ "99" ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆನು. ಬಾಳೆಕಾಯಿಯ ಲೆಕ್ಕ ಅದೇ ಸೀರೆಯ ಲೆಕ್ಕ. ಉಡುಪು ಮಾತ್ರ ಬೇರೆ. ಆದರೆ ಬಡ್ಡಿಯ ಪಾಠದಲ್ಲಿ "ಶೇಕಡ ಎಷ್ಟೋ ಅಷ್ಟು ಕೂಡಿಸಿ" ಎಂದು ಹೇಳಿ ಹೇಳಿ ನನ್ನ ಕೈಗೂ ಅದೇ ಚಾಳಿ ಹತ್ತಿತ್ತು. ಬಡ್ಡಿಯಲ್ಲಿ ಬುಡದ ಮೊತ್ತ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಕೂಡಿಸುವುದು ಸರಿ. ಇಲ್ಲಿ ಬುಡವೇ ನಾವು ಹುಡುಕಬೇಕಾದದ್ದು. ಈ ಭೇದವನ್ನು ನಾನು ತರಗತಿಯಲ್ಲಿ ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಈ ತಪ್ಪು ಇಷ್ಟು ಕಾಲ ಸಿಕ್ಕಿಬೀಳದೆ ಉಳಿಯುವುದಕ್ಕೂ ಒಂದು ಕಾರಣವಿದೆ, ಅದು ಸ್ವಾರಸ್ಯವಾದದ್ದು. ನಷ್ಟ ಶೇಕಡ 10 ಇದ್ದಾಗ ಕೂಡಿಸುವ ದಾರಿಯಲ್ಲಿ 1.10 ಪಟ್ಟು ಕೊಳ್ಳುತ್ತೇವೆ, ಅದರ ಶೇಕಡ 90 ಉಳಿಯುತ್ತದೆ, 1.10ನ್ನು 0.90ರಿಂದ ಗುಣಿಸಿದರೆ 0.99. ನೂರಕ್ಕೆ ಒಂದು ಮಾತ್ರ ಕಡಿಮೆ. ನಷ್ಟ ಶೇಕಡ 20 ಇದ್ದರೆ 1.20 ಮತ್ತು 0.80ರ ಗುಣಲಬ್ಧ 0.96; ನೂರಕ್ಕೆ ನಾಲ್ಕು ಕಡಿಮೆ. ಶೇಕಡ 40 ಇದ್ದರೆ 0.84, ನೂರಕ್ಕೆ ಹದಿನಾರು ಕಡಿಮೆ. ಕೊರತೆ ನಷ್ಟದ ವರ್ಗದಂತೆ ಬೆಳೆಯುತ್ತದೆ. a ಕೂಡಿಸು b, a ಕಳೆ b ಎಂಬ ಎರಡು ಪದಗಳನ್ನು ಗುಣಿಸುವ ಸೂತ್ರವನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಅದು ಇಲ್ಲಿ ಬಾಳೆಕಾಯಿಯ ಬುಟ್ಟಿಯೊಳಗೆ ಕುಳಿತಿದೆ.

ಆದ್ದರಿಂದ ಈರುಳ್ಳಿಯಂತೆ ನಷ್ಟ ಕಡಿಮೆಯಾಗುವ ತರಕಾರಿಯಲ್ಲಿ ತಪ್ಪು ಲೆಕ್ಕದವನೂ ಹೇಗೋ ಪಾರಾಗುತ್ತಾನೆ. ನೂರಕ್ಕೆ ಒಂದೆರಡು ಭಾಗ ಕಡಿಮೆಯಾದರೆ ಬಡಿಸುವವನ ಕೈಯೇ ಅದನ್ನು ಸರಿದೂಗಿಸುತ್ತದೆ. ಬಾಳೆಕಾಯಿ, ಹಲಸು, ಸಿಪ್ಪೆಸಹಿತ ಬಟಾಣಿಯಂಥವು ಬಂದಾಗಲೇ ಗುಟ್ಟು ರಟ್ಟಾಗುವುದು. ಪ್ರಶ್ನೆಪತ್ರಿಕೆ ತೆಗೆಯುವವರು ಸುಲಭವಾಗಲೆಂದು ಶೇಕಡ 10ನ್ನೇ ಆರಿಸಿಕೊಂಡರೆ, 10 ಕಿಲೋಗೆ ಒಬ್ಬನು 11 ಎನ್ನುತ್ತಾನೆ, ಇನ್ನೊಬ್ಬನು 11.11 ಎನ್ನುತ್ತಾನೆ, ಮೌಲ್ಯಮಾಪಕರು ಅದನ್ನು ದಶಮಾಂಶದ ಸಣ್ಣ ವ್ಯತ್ಯಾಸವೆಂದು ತಿಳಿದು ಇಬ್ಬರಿಗೂ ಅಂಕ ಕೊಡುತ್ತಾರೆ. ಅಂಥ ಪ್ರಶ್ನೆಯಿಂದ ತಿಳಿದವನೂ ತಿಳಿಯದವನೂ ಬೇರೆಯಾಗುವುದಿಲ್ಲ. ನನ್ನ ಮೊದಲನೆಯ ಅಭಿಪ್ರಾಯ ಇದು: ಇಳುವರಿಯ ಪ್ರಶ್ನೆಯಲ್ಲಿ ನಷ್ಟ ಶೇಕಡ 30ಕ್ಕಿಂತ ಕಡಿಮೆ ಇರಬಾರದು. ಜೊತೆಗೆ, ಬಂದ ಉತ್ತರವನ್ನು ಇಳುವರಿಯಿಂದ ಗುಣಿಸಿ ಬೇಕಾದ ತೂಕ ಬರುತ್ತದೆಯೇ ಎಂದು ತಾಳೆ ನೋಡುವ ಒಂದು ಸಾಲಿಗೆ ಪ್ರತ್ಯೇಕ ಅಂಕವಿರಬೇಕು. ಆ ಸಾಲನ್ನು ಉತ್ತರಪಟ್ಟಿ ತಯಾರಿಸಿದವರೂ ಬರೆದಿದ್ದರೆ ಒಂದು ಮಗುವಿಗೆ ಅನ್ಯಾಯವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೊಂದು ಸಂದೇಹ ಹುಟ್ಟಿತು. ಶೇಕಡ 40 ಎಂಬ ಅಂಕಿ ಎಲ್ಲಿಂದ ಬಂತು? ಕಡ್ಡಿರಾಂಪುರದಲ್ಲಿ ಇದ್ದುಕೊಂಡು ಬಾಳೆಕಾಯಿಗಾಗಿ ದೂರ ಹೋಗಬೇಕಾಗಿಲ್ಲ. ಹಂಪಿಯ ಕಡೆಗೆ ಹೊರಟರೆ ರಸ್ತೆಯ ಬದಿಗೇ ತೋಟಗಳು. ನಾಲ್ಕು ಕಿಲೋ ಕಾಯಿ ತರಿಸಿದೆನು. ಮದುವೆ ಮುಂಜಿಗಳಲ್ಲಿ ಅಡುಗೆ ಮಾಡಿ ಕೈ ಪಳಗಿದ ನಮ್ಮ ಓಣಿಯ ಅಕ್ಕ ಒಬ್ಬರನ್ನು ಕರೆದು, ಪಕ್ಕದ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟೆನು. ಅವರು ಕೈಗೆ ಎಣ್ಣೆ ಸವರಿಕೊಂಡು, ಸೋನೆ ಹಿಡಿದು ಕಪ್ಪಾಗದಂತೆ ನೀರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಈಳಿಗೆಮಣೆಯ ಮುಂದೆ ಕುಳಿತರು.

ಮೊದಲ 2 ಕಿಲೋ ಕಾಯಿಯ ಎರಡೂ ತುದಿ ಕತ್ತರಿಸಿ, ಸಿಪ್ಪೆಯನ್ನು ತಿರುಳು ಕಾಣುವವರೆಗೆ ಪೂರ್ತಿ ತೆಗೆಯಲು ಹೇಳಿದೆನು. ನೀರಿಗೆ ಹಾಕುವ ಮುನ್ನವೇ ತೂಗಿದೆವು, ಏಕೆಂದರೆ ನೆನೆದ ಹೋಳುಗಳಿಗೆ ಅಂಟಿದ ನೀರೂ ತಕ್ಕಡಿಯ ಮೇಲೆ ಕುಳಿತರೆ ಇಳುವರಿ ಸುಳ್ಳಾಗಿ ಹೆಚ್ಚುತ್ತದೆ. 1,210 ಗ್ರಾಂ ಬಂತು. ಇಳುವರಿ ಶೇಕಡ 60.5. ಪ್ರಶ್ನೆಪತ್ರಿಕೆಯ ಅಂಕಿಗೆ ಹತ್ತಿರವೇ ಇತ್ತು. ನನಗೆ ಸಮಾಧಾನವಾಯಿತು. ಆದರೆ ಅಕ್ಕನವರಿಗೆ ಆಗಲಿಲ್ಲ. "ಪಲ್ಯಕ್ಕ ಹಿಂಗ ಯಾರು ತೆಗೀತಾರ್ರಿ ಮಾಸ್ತರ? ಮ್ಯಾಲಿನ ಹಸಿರು ಹೆರೆದ್ರ ಸಾಕು," ಎಂದರು. ಉಳಿದ 2 ಕಿಲೋವನ್ನು ಅವರ ಪದ್ಧತಿಯಂತೆ ಮೇಲಿನ ಪದರ ಮಾತ್ರ ಹೆರೆದು ಹೆಚ್ಚಿದರು. ಈ ಸಲ 1,640 ಗ್ರಾಂ ಬಂತು. ಇಳುವರಿ ಶೇಕಡ 82.

ಅದೇ ಕಾಯಿ, ಅದೇ ಈಳಿಗೆ, ಅದೇ ಕೈ. 10.8 ಕಿಲೋ ಹೋಳು ಬೇಕಾದರೆ ಮೊದಲ ಪದ್ಧತಿಯಲ್ಲಿ ಸುಮಾರು 17.85 ಕಿಲೋ ಕೊಳ್ಳಬೇಕು, ಎರಡನೆಯದರಲ್ಲಿ 13.17 ಕಿಲೋ ಸಾಕು. ಹತ್ತಿರ ಹತ್ತಿರ 5 ಕಿಲೋ ವ್ಯತ್ಯಾಸ. ಅಂದರೆ ಇಳುವರಿಯೆಂಬುದು ಕಾಯಿಯ ಗುಣ ಮಾತ್ರವಲ್ಲ. ಹೆಚ್ಚುವವರ ಪದ್ಧತಿ, ಈಳಿಗೆಯ ಹರಿತ, ಕಾಯಿಯ ದಪ್ಪ ಇವೆಲ್ಲ ಅದರಲ್ಲಿ ಸೇರಿವೆ. ಸಣ್ಣ ಕಾಯಿಯಲ್ಲಿ ಸಿಪ್ಪೆಯ ಪಾಲು ಹೆಚ್ಚು. ದಪ್ಪ ಕಾಯಿಯಲ್ಲಿ ಕಡಿಮೆ. ಪುಸ್ತಕದ ಕೋಷ್ಟಕಗಳಲ್ಲಿರುವ ಅಂಕಿ ಯಾರೋ ಎಲ್ಲೋ ಒಂದು ಪದ್ಧತಿಯಲ್ಲಿ ತೂಗಿದ ಸರಾಸರಿ. ಅದು ಖರೀದಿಗೆ ಆರಂಭವಾಗಬಹುದು, ಕೊನೆಯ ಮಾತಾಗಲಾರದು.

ಹಾಗಾಗಿ ನನ್ನ ಎರಡನೆಯ ಅಭಿಪ್ರಾಯ. ಬರವಣಿಗೆಯ ಪರೀಕ್ಷೆಯಲ್ಲಿ ನಷ್ಟದ ಅಂಕಿಯನ್ನು ಕೊಡಲಿ, ಬೇರೆ ದಾರಿಯಿಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಕೊಡಬಾರದು. ಮಕ್ಕಳ ಮುಂದೆ ಎರಡು ಕಿಲೋ ತರಕಾರಿ ಮತ್ತು ಒಂದು ತಕ್ಕಡಿ ಇಡಬೇಕು. ಅವರು ತೂಗಲಿ, ಹೆಚ್ಚಲಿ, ಮತ್ತೆ ತೂಗಲಿ, ತಮ್ಮ ಕೈಯ ಇಳುವರಿಯನ್ನು ತಾವೇ ಕಂಡುಹಿಡಿದು ಅದರಿಂದ 90 ಜನರ ಖರೀದಿ ಬರೆಯಲಿ. ಆಗ ಒಬ್ಬೊಬ್ಬರ ಉತ್ತರವೂ ಬೇರೆಯಾಗುತ್ತದೆ. ಮೌಲ್ಯಮಾಪನ ಕಷ್ಟವೆಂದು ನೀವು ಹೇಳಬಹುದು. ಕಷ್ಟವೇನೂ ಇಲ್ಲ; ಪ್ರತಿಯೊಬ್ಬರೂ ಬರೆದಿಟ್ಟ ಎರಡು ತೂಕಗಳಿಂದ ಉತ್ತರವನ್ನು ತಾಳೆ ನೋಡಿದರಾಯಿತು. ಒಂದೇ ಉತ್ತರವಿರುವ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಟಿಕ್ ಹಾಕುವ ಸೌಕರ್ಯ ಮಾತ್ರ ಹೋಗುತ್ತದೆ.

ಎರಡು ತೂಕಗಳಲ್ಲಿ ಯಾವುದು ಎಂಬುದನ್ನು ಹೇಳದೆ ಬಿಡುವ ಪ್ರಶ್ನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 2002ರಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾದ ಮೇಲೆ ಅಡುಗೆಯ ಲೆಕ್ಕ ಶಿಕ್ಷಕರ ದಿನಚರಿಯೊಳಗೇ ಬಂತು. ಮಧ್ಯಾಹ್ನದ ಊಟದ ರಾಷ್ಟ್ರೀಯ ಪ್ರಮಾಣದಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ಎಂದಿದೆ. 200 ಕಿರಿಯ ಮಕ್ಕಳಿದ್ದರೆ 10 ಕಿಲೋ. ಈ ಅಂಕಿಯನ್ನು ಹಿಡಿದು ಪ್ರಶ್ನೆ ತೆಗೆಯುವವರು 10 ಕಿಲೋ ಎಂಬುದು ಸಂತೆಯಲ್ಲಿ ತೂಗಿದ್ದೋ ಅಥವಾ ಹೆಚ್ಚಿದ ಮೇಲೆ ತೂಗಿದ್ದೋ ಎಂದು ಸ್ಪಷ್ಟವಾಗಿ ಬರೆಯಬೇಕು. ಸಿಪ್ಪೆ ನಷ್ಟ ಶೇಕಡ 40 ಇರುವ ತರಕಾರಿಯಾದರೆ, ಮೊದಲನೆಯ ಅರ್ಥದಲ್ಲಿ ಮಗುವಿನ ತಟ್ಟೆಗೆ ಬರುವುದು 30 ಗ್ರಾಂ. ಎರಡನೆಯ ಅರ್ಥದಲ್ಲಿ ಪೂರ್ತಿ 50 ಗ್ರಾಂ. ಒಂದು ಪದ ಬಿಟ್ಟುಹೋದರೆ ಇಪ್ಪತ್ತು ಗ್ರಾಂ ಮಾಯವಾಗುತ್ತದೆ.

ಹಣದ ಲೆಕ್ಕದಲ್ಲಿಯೂ ಅದೇ ಹಳ್ಳವಿದೆ. ಬಾಳೆಕಾಯಿ ಕಿಲೋಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ಇಳುವರಿ ಶೇಕಡ 60 ಇದ್ದರೆ ಅಡುಗೆಗೆ ಸಿಕ್ಕ ಒಂದು ಕಿಲೋ ಹೋಳಿನ ಬೆಲೆ 30ನ್ನು 0.60ರಿಂದ ಭಾಗಿಸಿದಷ್ಟು, ಅಂದರೆ 50 ರೂಪಾಯಿ. ಶೇಕಡ 40 ಕೂಡಿಸಿದವನು 42 ಎಂದು ಬರೆಯುತ್ತಾನೆ. 10.8 ಕಿಲೋಗೆ ನಿಜವಾದ ಖರ್ಚು 540 ರೂಪಾಯಿ. ಅವನ ಪುಸ್ತಕದಲ್ಲಿ 453 ರೂಪಾಯಿ 60 ಪೈಸೆ. ನನ್ನ ಖಾನಾವಳಿಯ ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಸರ, ಬಾಳೆಕಾಯಿ ಪಲ್ಯದ ದಿನ ನನಗ ಯಾಕ ಗಿಟ್ಟಂಗಿಲ್ಲ ಅಂತ ಈಗ ತಿಳೀತು," ಎಂದನು.

ಕೊನೆಯದಾಗಿ, 15 ಪಟ್ಟು ಎಂಬ ಮಾತು. 6 ಜನರಿಗೆ ಎಣ್ಣೆ 30 ಮಿಲಿಲೀಟರ್ ಎಂದಿದ್ದರೆ 90 ಜನರಿಗೆ 450 ಎಂದು ಬರೆದವನಿಗೆ ಪೂರ್ತಿ ಅಂಕ ಸಿಗುತ್ತದೆ. ಒಲೆಯ ಮುಂದೆ ನಿಂತವರು ಹಾಗೆ ಸುರಿಯುವುದಿಲ್ಲ. ಕಾರಣ ಸರಳ. ಪಾತ್ರೆಯ ಆಕಾರ ಹಾಗೆಯೇ ಇದ್ದು ಅದರ ಒಳಗಾತ್ರ 15 ಪಟ್ಟಾದರೆ, ಅಗಲವೂ ಎತ್ತರವೂ ಸುಮಾರು ಎರಡೂವರೆ ಪಟ್ಟಾಗುತ್ತವೆ. ತಳದ ಮತ್ತು ಬಾಯಿಯ ವಿಸ್ತೀರ್ಣ ಸುಮಾರು 6 ಪಟ್ಟು ಮಾತ್ರ ಆಗುತ್ತದೆ. ಬಾಣಲೆಯ ತಳಕ್ಕೆ ಹರಡಬೇಕಾದ ಎಣ್ಣೆಯೂ ಪಾತ್ರೆಯ ಬಾಯಿಯಿಂದ ಆವಿಯಾಗಿ ಹೋಗುವ ನೀರೂ ವಿಸ್ತೀರ್ಣವನ್ನು ಅನುಸರಿಸುತ್ತವೆಯೇ ಹೊರತು ಜನಸಂಖ್ಯೆಯನ್ನಲ್ಲ. ಹೋಳುಗಳು ಹೀರುವ ಎಣ್ಣೆ ಮಾತ್ರ ತೂಕಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಬೇಕಾಗುವ ಎಣ್ಣೆ 6 ಪಟ್ಟಿಗೂ 15 ಪಟ್ಟಿಗೂ ನಡುವೆ ಎಲ್ಲೋ ಇರುತ್ತದೆ. ನೀರನ್ನು 15 ಪಟ್ಟು ಹಾಕಿದವರ ಪಲ್ಯ ಗೊಜ್ಜಾಗಿ ಕುಳಿತಿರುತ್ತದೆ, ಏಕೆಂದರೆ ಅಷ್ಟು ನೀರು ಅಷ್ಟೇ ಹೊತ್ತಿನಲ್ಲಿ ಆರಲಾರದು.

ಆದ್ದರಿಂದ ಪ್ರಶ್ನೆಯಲ್ಲಿ ಪದಾರ್ಥಗಳ ಪಟ್ಟಿ ಕೊಟ್ಟು, "ಇವುಗಳಲ್ಲಿ ಯಾವುದನ್ನು ನೇರವಾಗಿ ಗುಣಿಸಬಹುದು, ಯಾವುದನ್ನು ಕಡಿಮೆಯಿಂದ ಆರಂಭಿಸಿ ನೋಡಿ ಸೇರಿಸಬೇಕು, ಏಕೆ?" ಎಂದು ಕೇಳಲಿ. ಬಾಳೆಕಾಯಿ, ಬೇಳೆ, ತೆಂಗಿನತುರಿ ನೇರವಾಗಿ ಗುಣಿಸತಕ್ಕವು. ಎಣ್ಣೆ, ನೀರು, ಮೆಣಸಿನಕಾಯಿ, ಇಂಗು ಹಾಗಲ್ಲ. ಗುಣಾಕಾರ ಎಲ್ಲಿ ನಿಲ್ಲುತ್ತದೆ ಎಂದು ಬಲ್ಲವನಿಗೆ ಅಂಕ ಕೊಡದೆ, ಎಲ್ಲವನ್ನೂ ಕಣ್ಣುಮುಚ್ಚಿ ಗುಣಿಸಿದವನಿಗೆ ಕೊಡುವುದು ನನಗೆ ಸರಿಕಾಣದು.

ಹುಡುಗಿಗೆ ನಾನು ದೂರವಾಣಿ ಮಾಡಿ, ಅವಳ ಉತ್ತರವೇ ಸರಿಯೆಂದೂ ಮೊದಲು ತಪ್ಪು ಹೇಳಿದವನು ನಾನೆಂದೂ ಒಪ್ಪಿಕೊಂಡೆನು. 15.12ನ್ನು 0.60ರಿಂದ ಗುಣಿಸಿ ತೋರಿಸುವ ಒಂದೇ ಸಾಲನ್ನು ಕಾಗದದಲ್ಲಿ ಬರೆದು, ಜಗಳವಾಡದೆ ಅವಳ ಅಧ್ಯಾಪಕರ ಮುಂದಿಡಲು ಹೇಳಿದೆನು. ಅವಳು ಇಟ್ಟಳು. ಅವರು ನೋಡಿ, ಆ ಪ್ರಶ್ನೆಯ ಅಂಕವನ್ನು ತಿದ್ದಿದರಂತೆ. ಆದರೆ ಅದೇ ತರಗತಿಯಲ್ಲಿ 15.12 ಬರೆದು ಪೂರ್ತಿ ಅಂಕ ಪಡೆದ ಮಕ್ಕಳಿಗೆ ಯಾರಾದರೂ ತಿಳಿಸಿದರೋ ಇಲ್ಲವೋ ಎಂದು ಕೇಳಿದೆನು. ಇಲ್ಲವೆಂದಳು. ನನಗೆ ಈಗ ಚಿಂತೆಯಿರುವುದು ಅವರದೇ. ಅಂಕ ಸಿಕ್ಕ ತಪ್ಪನ್ನು ಯಾರೂ ತಿದ್ದಿಕೊಳ್ಳುವುದಿಲ್ಲ. ಒಂದು ದಿನ ಅವರು ಯಾವುದೋ ದೊಡ್ಡ ಅಡುಗೆಮನೆಯಲ್ಲಿ ಖರೀದಿ ಚೀಟಿ ಬರೆಯುತ್ತಾರೆ.

ನನ್ನ ತರಗತಿಯಲ್ಲಿ ಕುಳಿತಿದ್ದವರೂ ಅಂಥವರೇ. "ಶೇಕಡ ಹೋಗಿದ್ದರೆ ಶೇಕಡ ಕೂಡಿಸಿ" ಎಂದು ನನ್ನ ಬಾಯಿಂದ ಕೇಳಿಸಿಕೊಂಡವರು ದಯವಿಟ್ಟು ಅದನ್ನು ಇಂದು ಹೊಡೆದುಹಾಕಿ, ಪಕ್ಕದಲ್ಲಿ "ಉಳಿದ ಭಾಗದಿಂದ ಭಾಗಿಸಿ" ಎಂದು ಬರೆದುಕೊಳ್ಳಿರಿ. ತಡವಾಗಿ ತಿದ್ದಿದ್ದಕ್ಕೆ ಕ್ಷಮೆಯಿರಲಿ. ಅಂದ ಹಾಗೆ, ಅಂದು ತೂಗಿದ ಬಾಳೆಕಾಯಿಯನ್ನು ಅಕ್ಕನವರು ಪಲ್ಯ ಮಾಡಿದರು. ನಾನು ನಷ್ಟವೆಂದು ಬರೆದಿಟ್ಟಿದ್ದ ಸಿಪ್ಪೆಯನ್ನೂ ಅವರು ಬಿಡಲಿಲ್ಲ. ಬೇಯಿಸಿ, ಹುಣಸೆ ಮತ್ತು ಹಸಿಮೆಣಸಿನಕಾಯಿ ಸೇರಿಸಿ ಚಟ್ನಿ ಅರೆದುಕೊಟ್ಟರು. ಆ ದಿನ ನಮ್ಮ ಮನೆಯಲ್ಲಿ ಇಳುವರಿ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿರಿ.